ಮೂರು ಅಕ್ಷರ, ಆರು ಸಾಲು, ಹದಿನಾರು ಕರೆ

ಪತ್ರಿಕೆಗಳ ಪದಕ್ರೀಡೆಯ ಅಂಕಣದಲ್ಲಿ ಚೆಲ್ಲಾಪಿಲ್ಲಿಯಾದ ಅಕ್ಷರಗಳನ್ನು ಕೊಟ್ಟು, ಅವನ್ನು ಜೋಡಿಸಿ ಅರ್ಥವಿರುವ ಪದ ಮಾಡಿ ಎಂದು ಕೇಳುವುದುಂಟು. ಗ, ಮ, ನ ಎಂಬ ಮೂರು ಅಕ್ಷರ ಕೊಟ್ಟರೆ 'ಗಮನ' ಕೂಡಲೇ ಕಾಣುತ್ತದೆ. ಇನ್ನೊಂದು ಕ್ಷಣಕ್ಕೆ 'ಮಗನ' ಹೊಳೆಯುತ್ತದೆ. ಧಾರವಾಡದ ಕಡೆಯವರಾದರೆ 'ನಮಗ' ಎಂಬುದನ್ನೂ ಸೇರಿಸಿಯಾರು. ಆಮೇಲೆ ಬರುವ ಪ್ರಶ್ನೆಯೇ ಕಷ್ಟದ್ದು: ಇವಿಷ್ಟೇನಾ, ಇನ್ನೂ ಇವೆಯೇ? ಒಂದನ್ನೂ ಬಿಟ್ಟಿಲ್ಲ, ಯಾವುದನ್ನೂ ಎರಡು ಸಲ ಬರೆದಿಲ್ಲ ಎಂದು ಖಚಿತವಾಗಿ ಹೇಳುವುದು ಹೇಗೆ?

ಮೂರು ಅಕ್ಷರಕ್ಕೆ ಕಾಗದದ ಮೇಲೆ ಬರೆದು ನೋಡಿದರೆ ಸಾಕು. ನಾಲ್ಕಾದರೆ ಇಪ್ಪತ್ತನಾಲ್ಕು ಜೋಡಣೆಗಳು. ಅಲ್ಲಿಗೆ ಮನಸ್ಸಿಗೆ ತೋಚಿದಂತೆ ಬರೆಯುವ ಕ್ರಮ ಕೈಕೊಡುತ್ತದೆ. ಯಾವುದೋ ಒಂದು ಎರಡು ಸಲ ಬಂದಿರುತ್ತದೆ, ಇನ್ನೊಂದು ಬಿಟ್ಟೇಹೋಗಿರುತ್ತದೆ.

ಎಷ್ಟು ಜೋಡಣೆಗಳಿವೆ ಎಂಬ ಲೆಕ್ಕ ನಮ್ಮಲ್ಲಿ ಹಳೆಯದು. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಬರೆದ 'ಲೀಲಾವತಿ'ಯಲ್ಲಿ ಅಂಕಪಾಶ ಎಂಬ ಪ್ರಕರಣವೇ ಇದೆ. ಹರಿಯ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಅದಲುಬದಲು ಮಾಡಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ, ಶಂಭುವಿನ ಹತ್ತು ಕೈಗಳ ಹತ್ತು ಆಯುಧಗಳನ್ನು ಅದಲುಬದಲು ಮಾಡಿದರೆ ಎಷ್ಟಾಗುತ್ತವೆ ಎಂದು ಅಲ್ಲಿ ಕೇಳಿದ್ದಾರೆ. ಉತ್ತರಗಳು 24 ಮತ್ತು 36,28,800. ಆ ಇಪ್ಪತ್ತನಾಲ್ಕನ್ನು ನಾವು ಕಲ್ಲಿನಲ್ಲೂ ನೋಡಬಹುದು. ಕೇಶವ, ನಾರಾಯಣ, ಮಾಧವ ಎಂದು ಶುರುವಾಗಿ ಕೃಷ್ಣ ಎಂಬಲ್ಲಿಗೆ ಮುಗಿಯುವ ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನು ಹೊಯ್ಸಳ ಶಿಲ್ಪಿಗಳು ಕಡೆದಿದ್ದಾರೆ. ಯಾವ ಮೂರ್ತಿ ಯಾರದ್ದೆಂದು ಗುರುತಿಸುವುದು ಯಾವ ಕೈಯಲ್ಲಿ ಯಾವ ಲಾಂಛನವಿದೆ ಎಂಬುದರಿಂದಲೇ.

ಎಣಿಸುವುದು ಸುಲಭ: 4 × 3 × 2 × 1. ಇಪ್ಪತ್ತನಾಲ್ಕನ್ನೂ ಒಂದೊಂದಾಗಿ, ಬಿಡದೆ, ಮರುಕಳಿಸದೆ ಬರೆದುಕೊಡುವುದು ಬೇರೆಯೇ ಕೆಲಸ. ಆ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುವ ಹತ್ತು ಸಾಲಿನ ಪ್ರೋಗ್ರಾಮ್ ಒಂದಿದೆ. ಅದರ ಒಂದೊಂದು ಹೆಜ್ಜೆಯನ್ನೂ ಹಿಂಬಾಲಿಸಿದರೆ ರಿಕರ್ಷನ್ ಮತ್ತು ಬ್ಯಾಕ್‌ಟ್ರ್ಯಾಕಿಂಗ್ ಎಂಬ ಎರಡು ವಿಚಾರಗಳು ಒಟ್ಟಿಗೆ ಅರ್ಥವಾಗುತ್ತವೆ. ಇಡೀ ಪ್ರೋಗ್ರಾಮ್ ನಿಂತಿರುವುದು ಅದರ ಕೊನೆಯ ಒಂದು ಸಾಲಿನ ಮೇಲೆ ಎಂಬುದೂ ತಿಳಿಯುತ್ತದೆ.

ಒಂದು ಜಾಗ ತುಂಬಿಸಿ, ಉಳಿದದ್ದನ್ನು ಬಿಟ್ಟುಕೊಡಿ

ಮೂರು ಖಾಲಿ ಜಾಗಗಳಿವೆ ಎಂದುಕೊಳ್ಳೋಣ. ಮೊದಲ ಜಾಗಕ್ಕೆ ಗ, ಮ, ನ ಮೂರರಲ್ಲಿ ಯಾವುದಾದರೂ ಬರಬಹುದು. ಗ ಇಟ್ಟೆವು ಎನ್ನಿ. ಈಗ ಉಳಿದಿರುವುದು ಎರಡು ಜಾಗ ಮತ್ತು ಮ, ನ ಎಂಬ ಎರಡು ಅಕ್ಷರ. ಎದುರಿಗಿರುವ ಪ್ರಶ್ನೆ ಮೊದಲಿನದ್ದೇ, ಅಳತೆ ಮಾತ್ರ ಒಂದು ಕಡಿಮೆ. ಎರಡನೆಯ ಜಾಗಕ್ಕೆ ಮ ಇಟ್ಟರೆ ಒಂದು ಜಾಗ, ಒಂದು ಅಕ್ಷರ ಉಳಿಯುತ್ತದೆ. ಅದನ್ನೂ ಇಟ್ಟ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಒಂದು ಜೋಡಣೆ ಸಿದ್ಧವಾಗಿದೆ, ಬರೆದುಕೊಳ್ಳಬೇಕು ಅಷ್ಟೆ.

ದೊಡ್ಡ ಪ್ರಶ್ನೆಯನ್ನು ಅದೇ ರೂಪದ, ಆದರೆ ಒಂದು ಹೆಜ್ಜೆ ಚಿಕ್ಕದಾದ ಪ್ರಶ್ನೆಗೆ ಇಳಿಸಿ, ಆ ಚಿಕ್ಕದನ್ನು ಬಿಡಿಸಲು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದಕ್ಕೆ ರಿಕರ್ಷನ್ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಅದು ಹೀಗಿರುತ್ತದೆ:

```python
def jodisu(a, i):
    if i == len(a):
        print("".join(a))
        return
    for j in range(i, len(a)):
        a[i], a[j] = a[j], a[i]
        jodisu(a, i + 1)
        a[i], a[j] = a[j], a[i]

jodisu(["ಗ", "ಮ", "ನ"], 0)
```

ಇಲ್ಲಿ `a` ಎಂಬುದು ಅಕ್ಷರಗಳ ಸಾಲು. `i` ಎಂಬುದು ಈಗ ತುಂಬಿಸಬೇಕಾದ ಜಾಗದ ಸಂಖ್ಯೆ. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಮೂರು ಜಾಗಗಳ ಸಂಖ್ಯೆಗಳು 0, 1, 2. ಸಾಲಿನಲ್ಲಿ `i`ಗಿಂತ ಎಡಕ್ಕಿರುವ ಅಕ್ಷರಗಳು ಆಗಲೇ ನಿಗದಿಯಾದವು. `i`ಯಿಂದ ಬಲಕ್ಕಿರುವವು ಇನ್ನೂ ಆಯ್ಕೆಗೆ ಉಳಿದವು. ಹಾಗಾಗಿ ಬಳಸಿದ ಅಕ್ಷರಗಳ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ.

`for` ಸಾಲು ಉಳಿದ ಅಕ್ಷರಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಅದರ ಕೆಳಗಿನ ಸಾಲು ಎತ್ತಿಕೊಂಡ ಅಕ್ಷರವನ್ನು `i` ಜಾಗಕ್ಕೆ ತಂದು, ಅಲ್ಲಿದ್ದ ಅಕ್ಷರವನ್ನು ಇದರ ಹಳೆಯ ಜಾಗಕ್ಕೆ ಕಳಿಸುತ್ತದೆ. ಆಮೇಲೆ `jodisu` ಮುಂದಿನ ಜಾಗಕ್ಕಾಗಿ ತನ್ನನ್ನೇ ಕರೆಯುತ್ತದೆ. ಆ ಕರೆ ಮುಗಿದು ಮರಳಿದ ಮೇಲೆ, ಕೊನೆಯ ಸಾಲು ಅದೇ ಅದಲುಬದಲನ್ನು ಇನ್ನೊಮ್ಮೆ ಮಾಡಿ ಎರಡೂ ಅಕ್ಷರಗಳನ್ನು ಮೊದಲಿದ್ದಲ್ಲಿಗೆ ಕಳಿಸುತ್ತದೆ. ಹೀಗೆ ಮಾಡಿದ್ದನ್ನು ಅಳಿಸಿ, ಹಿಂದಿನ ಕವಲಿಗೆ ಮರಳಿ, ಮುಂದಿನ ಆಯ್ಕೆಯನ್ನು ಹಿಡಿಯುವುದೇ ಬ್ಯಾಕ್‌ಟ್ರ್ಯಾಕಿಂಗ್.

ಕರೆಗಳ ಮರ

ಪ್ರೋಗ್ರಾಮ್ ಓಡುವಾಗ `jodisu` ಎಷ್ಟು ಸಲ ಕರೆಯಲ್ಪಡುತ್ತದೆ, ಯಾವ ಕ್ರಮದಲ್ಲಿ ಎಂಬುದನ್ನು ಮರದಂತೆ ಬರೆದರೆ ಹೀಗೆ ಕಾಣುತ್ತದೆ. ಎಡಗಡೆಯ ಅಂಕಿ ಕರೆಯ ಕ್ರಮಸಂಖ್ಯೆ. ಅದರ ಪಕ್ಕದಲ್ಲಿರುವುದು ಆ ಹೊತ್ತಿಗೆ ನಿಗದಿಯಾದ ಅಕ್ಷರಗಳು.

```
1 ___
├─ 2 ಗ__
│  ├─ 3 ಗಮ_ ── 4 ಗಮನ
│  └─ 5 ಗನ_ ── 6 ಗನಮ
├─ 7 ಮ__
│  ├─ 8 ಮಗ_ ── 9 ಮಗನ
│  └─ 10 ಮನ_ ── 11 ಮನಗ
└─ 12 ನ__
   ├─ 13 ನಮ_ ── 14 ನಮಗ
   └─ 15 ನಗ_ ── 16 ನಗಮ
```

ಮೊದಲ ಕರೆಯಲ್ಲಿ `i` ಸೊನ್ನೆ, ಸಾಲು 'ಗಮನ'. `j` ಕೂಡ ಸೊನ್ನೆಯಿಂದಲೇ ಶುರುವಾಗುವುದರಿಂದ ಗ ತನ್ನೊಂದಿಗೇ ಅದಲುಬದಲಾಗುತ್ತದೆ, ಅಂದರೆ ಇದ್ದಲ್ಲೇ ಇರುತ್ತದೆ. ವ್ಯರ್ಥ ಕೆಲಸದಂತೆ ಕಂಡರೂ 'ಇರುವುದನ್ನೇ ಇಟ್ಟುಕೊಳ್ಳುವುದು' ಕೂಡ ಒಂದು ಆಯ್ಕೆ. ಅದನ್ನು ಬಿಟ್ಟರೆ ಗ ಮೊದಲಿರುವ ಜೋಡಣೆಗಳೇ ತಪ್ಪಿಹೋಗುತ್ತವೆ.

ಈಗ ಎರಡನೆಯ ಕರೆ, `i` ಒಂದು. ಇಲ್ಲಿ ಆಯ್ಕೆಗೆ ಉಳಿದವು ಮ ಮತ್ತು ನ. ಮ ಇದ್ದಲ್ಲೇ ಇರಲಿ ಎಂದು ಮೂರನೆಯ ಕರೆ. ಅಲ್ಲಿ ಉಳಿದಿರುವುದು ನ ಮಾತ್ರ, ಅದನ್ನು ಇಟ್ಟು ನಾಲ್ಕನೆಯ ಕರೆ. ನಾಲ್ಕನೆಯದರಲ್ಲಿ `i` ಮೂರು, ಸಾಲಿನ ಉದ್ದವೂ ಮೂರು. ತುಂಬಿಸಲು ಜಾಗವಿಲ್ಲ. 'ಗಮನ' ಎಂದು ಮುದ್ರಿಸಿ ಮರಳುತ್ತದೆ.

ಮರಳುವುದು ಎಲ್ಲಿಗೆ ಎಂಬುದೇ ಗಮನಿಸಬೇಕಾದದ್ದು. ನಾಲ್ಕನೆಯ ಕರೆ ಮೂರನೆಯದಕ್ಕೆ, ಅದೂ ತನ್ನನ್ನು ಕರೆದ ಸಾಲಿನ ಮುಂದಿನ ಸಾಲಿಗೆ ಮರಳುತ್ತದೆ. ಮೂರನೆಯದಕ್ಕೆ ಬೇರೆ ಆಯ್ಕೆಯಿಲ್ಲ, ಹಾಗಾಗಿ ಅದೂ ಮುಗಿದು ಎರಡನೆಯದಕ್ಕೆ ಮರಳುತ್ತದೆ. ಎರಡನೆಯ ಕರೆ ಇನ್ನೂ ಮುಗಿದಿಲ್ಲ. ಅದು ತನ್ನ `for` ಸುತ್ತಿನ ಮಧ್ಯದಲ್ಲಿ ಕಾಯುತ್ತಿತ್ತು. `i` ಒಂದು, `j` ಒಂದು ಎಂಬ ಅದರ ನೆನಪು ಹಾಗೆಯೇ ಇದೆ. ಈಗ `j` ಎರಡಾಗುತ್ತದೆ. ಮ ಮತ್ತು ನ ಅದಲುಬದಲಾಗಿ ಸಾಲು 'ಗನಮ' ಆಗುತ್ತದೆ. ಐದನೆಯ ಕರೆ, ಆರನೆಯ ಕರೆ, 'ಗನಮ' ಮುದ್ರಣ. ಮತ್ತೆ ಎರಡನೆಯದಕ್ಕೆ ಮರಳಿದಾಗ ಕೊನೆಯ ಸಾಲು ಓಡಿ ಸಾಲು ಪುನಃ 'ಗಮನ' ಆಗುತ್ತದೆ. ಎರಡನೆಯ ಕರೆಯ ಆಯ್ಕೆಗಳು ಮುಗಿದವು. ಅದು ಮೊದಲನೆಯದಕ್ಕೆ ಮರಳುತ್ತದೆ.

ಮೊದಲ ಕರೆಯಲ್ಲಿ ಈಗ `j` ಒಂದು. ಗ ಮತ್ತು ಮ ಅದಲುಬದಲಾಗಿ 'ಮಗನ'. ಏಳರಿಂದ ಹನ್ನೊಂದನೆಯವರೆಗಿನ ಕರೆಗಳು 'ಮಗನ', 'ಮನಗ' ಎಂಬ ಎರಡು ಸಾಲು ಕೊಟ್ಟು, ಸಾಲನ್ನು 'ಮಗನ' ಎಂದೇ ಹಿಂದಿರುಗಿಸುತ್ತವೆ. ಮೊದಲ ಕರೆ ತನ್ನ ಅದಲುಬದಲನ್ನು ಅಳಿಸುತ್ತದೆ, ಪುನಃ 'ಗಮನ'. ಕೊನೆಗೆ `j` ಎರಡು. ಗ ಮತ್ತು ನ ಅದಲುಬದಲಾಗಿ 'ನಮಗ'. ಹನ್ನೆರಡರಿಂದ ಹದಿನಾರನೆಯವರೆಗಿನ ಕರೆಗಳು 'ನಮಗ', 'ನಗಮ' ಎಂಬ ಸಾಲುಗಳನ್ನು ಕೊಡುತ್ತವೆ. ಗ ಸಾಲಿನ ಕೊನೆಗೆ ಹೋಗಿದ್ದರಿಂದ 'ನಮಗ' ಮೊದಲು ಬಂತು. ಆದ್ದರಿಂದ ಈ ಕ್ರಮ ನಿಘಂಟಿನ ಅಕಾರಾದಿ ಕ್ರಮವಲ್ಲ ಎಂಬುದನ್ನು ನೆನಪಿಡಬೇಕು. ಕೊನೆಯ ಅಳಿಸುವಿಕೆಯ ನಂತರ ಸಾಲು ಎಲ್ಲಿಂದ ಹೊರಟಿತೋ ಆ 'ಗಮನ'ಕ್ಕೇ ಬಂದು ನಿಲ್ಲುತ್ತದೆ.

ಒಟ್ಟು ಹದಿನಾರು ಕರೆಗಳು: ಬುಡದಲ್ಲಿ 1, ಅದರ ಮೇಲೆ 3, ಆಮೇಲೆ 6, ತುದಿಯಲ್ಲಿ 6. ಆದರೆ ಹದಿನಾರೂ ಏಕಕಾಲಕ್ಕೆ ಜೀವಂತವಾಗಿರುವುದಿಲ್ಲ. 'ಮನಗ' ಮುದ್ರಣವಾಗುವ ಗಳಿಗೆಯಲ್ಲಿ ಉಸಿರು ಹಿಡಿದು ಕಾಯುತ್ತಿರುವುದು 1, 7, 10, 11 ಎಂಬ ನಾಲ್ಕು ಕರೆಗಳು ಮಾತ್ರ, ಅಂದರೆ ಬುಡದಿಂದ ಆ ಎಲೆಯವರೆಗಿನ ದಾರಿ. ಕಾಯುತ್ತಿರುವ ಕರೆಗಳ ನೆನಪನ್ನು ಕಂಪ್ಯೂಟರ್ ಸ್ಟ್ಯಾಕ್ ಎಂಬ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿಡುತ್ತದೆ. ಅದರಲ್ಲಿ ಯಾವತ್ತೂ ಅಕ್ಷರಗಳ ಸಂಖ್ಯೆಗಿಂತ ಒಂದು ಹೆಚ್ಚು ಕರೆಗಳಷ್ಟೇ ಇರುತ್ತವೆ. ಹತ್ತು ಅಕ್ಷರ ಕೊಟ್ಟರೆ ಒಟ್ಟು ಕರೆಗಳು 98,64,101 ಆಗುತ್ತವೆ, ಆದರೂ ಒಂದು ಗಳಿಗೆಯಲ್ಲಿ ಕಾಯುವ ಕರೆಗಳು ಹನ್ನೊಂದನ್ನು ದಾಟುವುದಿಲ್ಲ. ಈ ಪ್ರೋಗ್ರಾಮಿಗೆ ನೆನಪಿನ ಜಾಗ ಎಂದೂ ಸಮಸ್ಯೆಯಾಗುವುದಿಲ್ಲ. ಸಮಸ್ಯೆಯಾಗುವುದು ಸಮಯ.

ಕೊನೆಯ ಸಾಲು ಇಲ್ಲದಿದ್ದರೆ

ಪ್ರತಿ ಕರೆಗೂ ಅದರದ್ದೇ ಆದ `i` ಮತ್ತು `j` ಇವೆ. ಆದರೆ `a` ಒಂದೇ. ಹದಿನಾರು ಕರೆಗಳೂ ಒಂದೇ ಸ್ಲೇಟಿನ ಮೇಲೆ ಬರೆಯುತ್ತಿವೆ. ಒಬ್ಬರು ಬರೆದದ್ದನ್ನು ಒರೆಸದೆ ಎದ್ದುಹೋದರೆ ಮುಂದಿನವರ ಲೆಕ್ಕ ಅಲ್ಲಿಂದಲೇ ತಪ್ಪುತ್ತದೆ. ಕೊನೆಯ ಸಾಲನ್ನು ಅಳಿಸಿಹಾಕಿ ಪ್ರೋಗ್ರಾಮ್ ಓಡಿಸಿದರೆ ಏನಾಗುತ್ತದೆಂದು ನೋಡೋಣ.

ಮೊದಲ ಎರಡು ಸಾಲು ಸರಿಯಾಗಿಯೇ ಬರುತ್ತವೆ: 'ಗಮನ', 'ಗನಮ'. ಆದರೆ ಎರಡನೆಯ ಕರೆ ಮರಳುವಾಗ ಸಾಲು 'ಗನಮ' ಆಗಿಯೇ ಉಳಿದಿದೆ. ಮೊದಲ ಕರೆ ಇದನ್ನರಿಯದೆ 0 ಮತ್ತು 1ನೆಯ ಜಾಗಗಳನ್ನು ಅದಲುಬದಲು ಮಾಡುತ್ತದೆ. ಅಲ್ಲಿ ಮ ಇರಬೇಕಿತ್ತು, ಇರುವುದು ನ. ಹಾಗಾಗಿ 'ನಗಮ' ಸಿಗುತ್ತದೆ. ಅದರಿಂದ 'ನಗಮ', 'ನಮಗ' ಮುದ್ರಣವಾಗಿ ಸಾಲು 'ನಮಗ' ಆಗಿ ಉಳಿಯುತ್ತದೆ. ಮೂರನೆಯ ಸುತ್ತಿನಲ್ಲಿ 0 ಮತ್ತು 2ನೆಯ ಜಾಗಗಳ ಅದಲುಬದಲು. ನ ಹೋಗಿ ಗ ಬಂತು, 'ಗಮನ'. ಮತ್ತೆ 'ಗಮನ', 'ಗನಮ' ಮುದ್ರಣ.

ತೆರೆಯ ಮೇಲೆ ಬಂದದ್ದು: ಗಮನ, ಗನಮ, ನಗಮ, ನಮಗ, ಗಮನ, ಗನಮ. ಎಣಿಸಿದರೆ ಆರೇ ಸಾಲು. ಆದರೆ ಗ ಮೊದಲಿರುವ ಜೋಡಣೆಗಳು ಎರಡೆರಡು ಸಲ ಬಂದಿವೆ, ಮ ಮೊದಲಿರುವ 'ಮಗನ', 'ಮನಗ' ಬಂದೇ ಇಲ್ಲ. ಈ ತಪ್ಪು ಅಪಾಯಕಾರಿಯಾಗಿರುವುದು ಇದಕ್ಕೇ. ಪ್ರೋಗ್ರಾಮ್ ನಿಲ್ಲುವುದಿಲ್ಲ, ದೋಷದ ಸಂದೇಶ ಬರುವುದಿಲ್ಲ, ಸಾಲುಗಳ ಸಂಖ್ಯೆಯೂ ಸರಿಯಾಗಿದೆ. ಮರದ ಆಕಾರ ಕೆಟ್ಟಿಲ್ಲ, ಹದಿನಾರು ಕರೆಗಳೂ ನಡೆದಿವೆ. ಕೊಂಬೆಗಳಿಗೆ ಸಿಕ್ಕ ಅಕ್ಷರಗಳು ಮಾತ್ರ ತಪ್ಪಿವೆ. ಸಾಲುಗಳನ್ನು ಎಣಿಸಿ ತೃಪ್ತಿಪಟ್ಟವರಿಗೆ ಇದು ಗೊತ್ತಾಗುವುದೇ ಇಲ್ಲ.

ಕಂಡುಹಿಡಿಯಲು ಎರಡು ದಾರಿಗಳಿವೆ. ಒಂದು, ಬಂದ ಸಾಲುಗಳನ್ನೆಲ್ಲ `set` ಎಂಬ ಸಂಗ್ರಹಕ್ಕೆ ಹಾಕುವುದು. ಅದು ಪುನರಾವರ್ತನೆಯನ್ನು ಇಟ್ಟುಕೊಳ್ಳುವುದಿಲ್ಲ. ಆರರ ಬದಲು ನಾಲ್ಕೇ ಉಳಿದರೆ ಎಲ್ಲೋ ಎಡವಿದ್ದೇವೆ. ಇನ್ನೊಂದು ಇದಕ್ಕಿಂತ ಸರಳ. ಎಲ್ಲ ಮುಗಿದ ಮೇಲೆ `a` ಹೇಗಿದೆ ಎಂದು ನೋಡುವುದು. ಸರಿಯಾದ ಪ್ರೋಗ್ರಾಮಿನಲ್ಲಿ ಅದು ಶುರುವಿನ 'ಗಮನ'ವೇ ಆಗಿರಬೇಕು. ಕೆಟ್ಟದ್ದರಲ್ಲಿ 'ಗನಮ' ಆಗಿರುತ್ತದೆ. ಪ್ರತಿ ಕರೆಯೂ ಸಾಲನ್ನು ತನಗೆ ಸಿಕ್ಕ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎಂಬುದು ಇಲ್ಲಿನ ಒಪ್ಪಂದ. ಎಲೆಯ ಮಟ್ಟದ ಕರೆ ಸಾಲನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅದು ಒಪ್ಪಂದ ಪಾಲಿಸುತ್ತದೆ. ಅದರ ಮೇಲಿನ ಕರೆ ಒಂದು ಅದಲುಬದಲು ಮಾಡಿ, ಒಪ್ಪಂದ ಪಾಲಿಸುವ ಕರೆಯನ್ನು ಮಾಡಿ, ಅದೇ ಅದಲುಬದಲನ್ನು ಅಳಿಸುತ್ತದೆ, ಹಾಗಾಗಿ ಅದೂ ಪಾಲಿಸುತ್ತದೆ. ಹೀಗೆ ಎಲೆಯಿಂದ ಬುಡದವರೆಗೆ ಒಪ್ಪಂದ ಏರುತ್ತಾ ಹೋಗುತ್ತದೆ. ಪ್ರೋಗ್ರಾಮ್ ಸರಿಯೆಂದು ನಂಬಲು ಇಡೀ ಮರವನ್ನು ಬರೆದು ನೋಡಬೇಕಿಲ್ಲ. ಈ ಒಂದು ಒಪ್ಪಂದವನ್ನು ಒಂದು ಕರೆಯ ಮಟ್ಟದಲ್ಲಿ ಪರೀಕ್ಷಿಸಿದರೆ ಸಾಕು.

ಒಂದೇ ಸಾಲನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಇನ್ನೊಂದು ತಪ್ಪೂ ಹುಟ್ಟುತ್ತದೆ. ಮುದ್ರಿಸುವ ಬದಲು ಜೋಡಣೆಗಳನ್ನು ಒಂದು ಪಟ್ಟಿಯಲ್ಲಿ ಕೂಡಿಡೋಣ ಎಂದು `result.append(a)` ಎಂದು ಬರೆದರೆ, ಕೊನೆಯಲ್ಲಿ ಪಟ್ಟಿಯ ಆರೂ ಸಾಲುಗಳಲ್ಲಿ 'ಗಮನ'ವೇ ಕಾಣಿಸುತ್ತದೆ. ಪೈಥಾನ್ ಸಾಲಿನ ನಕಲನ್ನು ಪಟ್ಟಿಗೆ ಸೇರಿಸಲಿಲ್ಲ, ಆ ಸಾಲನ್ನೇ ಆರು ಸಲ ತೋರಿಸಿತು. ಅಳಿಸುವಿಕೆ ಸರಿಯಾಗಿ ನಡೆದದ್ದರಿಂದ ಸಾಲು ಕೊನೆಗೆ 'ಗಮನ' ಆಯಿತು, ಆರು ಕಡೆಯೂ ಅದೇ ಕಂಡಿತು. `result.append(a[:])` ಎಂದು ಆ ಕ್ಷಣದ ನಕಲನ್ನು ತೆಗೆದಿಟ್ಟರೆ ಸರಿಹೋಗುತ್ತದೆ.

ಒಂದೇ ಅಕ್ಷರ ಎರಡು ಸಲ ಬಂದಾಗ

'ಸರಸ' ಎಂಬ ಪದವನ್ನು ಕೊಟ್ಟರೆ ಪ್ರೋಗ್ರಾಮ್ ಆರು ಸಾಲುಗಳನ್ನು ಕೊಡುತ್ತದೆ, ಆದರೆ ಬೇರೆ ಬೇರೆಯಾಗಿರುವುದು ಮೂರೇ: ಸರಸ, ಸಸರ, ರಸಸ. ಒಂದೊಂದೂ ಎರಡೆರಡು ಸಲ. ಪ್ರೋಗ್ರಾಮಿನ ಕಣ್ಣಿಗೆ ಮೊದಲ ಸ ಮತ್ತು ಕೊನೆಯ ಸ ಬೇರೆ ಬೇರೆ ಜಾಗದಲ್ಲಿರುವ ಎರಡು ವಸ್ತುಗಳು. ಅವೆರಡನ್ನು ಅದಲುಬದಲು ಮಾಡಿದ್ದು ಹೊಸ ಜೋಡಣೆಯೆಂದೇ ಅದರ ಎಣಿಕೆ.

ಎಲ್ಲವನ್ನೂ ತೆಗೆದು ಕೊನೆಯಲ್ಲಿ ಪುನರಾವರ್ತನೆಗಳನ್ನು ಎಸೆಯಬಹುದು. ಅದಕ್ಕಿಂತ ಒಳ್ಳೆಯದು ಆ ಕೊಂಬೆಗಳನ್ನು ಬೆಳೆಯಲೇ ಬಿಡದಿರುವುದು. ಒಂದು ಜಾಗಕ್ಕೆ ಒಮ್ಮೆ ಸ ಇಟ್ಟು ಅದರಿಂದಾಗುವ ಎಲ್ಲವನ್ನೂ ನೋಡಿಯಾಗಿದ್ದರೆ, ಅದೇ ಜಾಗಕ್ಕೆ ಇನ್ನೊಂದು ಸ ಇಡುವುದರಿಂದ ಹೊಸದೇನೂ ಬರುವುದಿಲ್ಲ. `for` ಸಾಲಿನ ಸುತ್ತ ಇಷ್ಟು ಸೇರಿಸಿದರೆ ಸಾಕು:

```python
    seen = set()
    for j in range(i, len(a)):
        if a[j] in seen:
            continue
        seen.add(a[j])
```

ಇದರ ಕೆಳಗೆ ಹಳೆಯ ಮೂರು ಸಾಲುಗಳು ಹಾಗೆಯೇ ಮುಂದುವರಿಯುತ್ತವೆ. ಈಗ ಮರ ಹೀಗೆ ಬೆಳೆಯುತ್ತದೆ. ಬುಡದಲ್ಲಿ ಮೊದಲು ಸ, ಆಮೇಲೆ ರ. ಮೂರನೆಯ ಸುತ್ತಿನಲ್ಲಿ ಮತ್ತೆ ಸ ಬಂದಾಗ ಅದು `seen` ಒಳಗೆ ಆಗಲೇ ಇದೆ, ಆ ಕೊಂಬೆ ಹುಟ್ಟುವುದಿಲ್ಲ. ಸ ಕೊಂಬೆಯ ಕೆಳಗೆ ರ, ಸ ಎರಡೂ ಬೇರೆಯಾದ್ದರಿಂದ 'ಸರಸ', 'ಸಸರ' ಎಂಬ ಎರಡು ಎಲೆಗಳು. ರ ಕೊಂಬೆಯ ಕೆಳಗೆ ಉಳಿದಿರುವ ಎರಡೂ ಸ ಆದ್ದರಿಂದ 'ರಸಸ' ಎಂಬ ಒಂದೇ ಎಲೆ. ಕರೆಗಳು ಹದಿನಾರರಿಂದ ಒಂಬತ್ತಕ್ಕೆ ಇಳಿದವು. `seen` ಪ್ರತಿ ಕರೆಯೊಳಗೂ ಹೊಸದಾಗಿ ಹುಟ್ಟಬೇಕು ಎಂಬುದು ಮುಖ್ಯ. ಅದನ್ನು ಹೊರಗಿಟ್ಟು ಎಲ್ಲ ಕರೆಗಳಿಗೂ ಒಂದೇ ಮಾಡಿದರೆ, ಮೊದಲ ಜಾಗಕ್ಕೆ ಬಳಸಿದ ಸ ಎರಡನೆಯ ಜಾಗಕ್ಕೂ ನಿಷಿದ್ಧವಾಗಿ ಸರಿಯಾದ ಜೋಡಣೆಗಳೇ ಕಳೆದುಹೋಗುತ್ತವೆ.

ಮೈಸೂರು ಎಷ್ಟು ಅಕ್ಷರ?

ಗಮನ, ಸರಸ ಎಂಬ ಪದಗಳನ್ನು ಬೇಕೆಂದೇ ಆರಿಸಿದ್ದು. ಅವುಗಳಲ್ಲಿ ಗುಣಿತವಿಲ್ಲ, ಒತ್ತಿಲ್ಲ. 'ಮೈಸೂರು' ಎಂದು ಕೊಟ್ಟರೆ ಇನ್ನೊಂದು ತೊಡಕು ಎದುರಾಗುತ್ತದೆ. ನಮಗೆ ಅದು ಮೈ, ಸೂ, ರು ಎಂಬ ಮೂರು ಅಕ್ಷರ. ಆದರೆ ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನಕ್ಕೊಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಇನ್ನೊಂದು. ಪೈಥಾನಿನಲ್ಲಿ `len("ಮೈಸೂರು")` ಎಂದು ಕೇಳಿದರೆ ಉತ್ತರ 6. `list("ಮೈಸೂರು")` ಎಂದು ಒಡೆದು ನಮ್ಮ ಫಂಕ್ಷನ್ನಿಗೆ ಕೊಟ್ಟರೆ ಆರು ಸಾಲುಗಳ ಬದಲು 720 ಸಾಲುಗಳು ಬಂದು ಬೀಳುತ್ತವೆ. ಐತ್ವದ ಚಿಹ್ನೆ ಪದದ ಮೊದಲಿಗೆ ಬಂದು ಚುಕ್ಕಿಗಳ ವೃತ್ತಕ್ಕೆ ಅಂಟಿಕೊಂಡಿರುತ್ತದೆ, ಒಂದೇ ವ್ಯಂಜನಕ್ಕೆ ಎರಡು ಸ್ವರಚಿಹ್ನೆಗಳು ಹತ್ತಿರುತ್ತವೆ. ಆ ಚುಕ್ಕಿವೃತ್ತಗಳು ಕಂಡರೆ ತಪ್ಪು ಜೋಡಿಸುವ ಫಂಕ್ಷನ್ನಿನಲ್ಲಿ ಇಲ್ಲ, ಅದಕ್ಕೆ ಕೊಟ್ಟ ತುಂಡುಗಳಲ್ಲಿದೆ ಎಂದು ತಿಳಿಯಬೇಕು.

ಆದ್ದರಿಂದ ಜೋಡಿಸುವ ಮೊದಲು ಪದವನ್ನು ಕನ್ನಡದ ಅಕ್ಷರಗಳಾಗಿ ಒಡೆಯಬೇಕು. ಅದಕ್ಕೆ ಎರಡು ನಿಯಮ ಸಾಕು. ಚಿಹ್ನೆ ಬಂದರೆ ಅದು ಹಿಂದಿನ ತುಂಡಿಗೆ ಸೇರುತ್ತದೆ. ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಿಂದ ಮುಗಿದಿದ್ದರೆ, ಮುಂದಿನ ವ್ಯಂಜನವೂ ಒತ್ತಾಗಿ ಅದಕ್ಕೇ ಸೇರುತ್ತದೆ.

```python
import unicodedata

def aksharagalu(s):
    out = []
    for c in s:
        mark = unicodedata.category(c).startswith("M")
        if out and (mark or out[-1].endswith("\u0ccd")):
            out[-1] += c
        else:
            out.append(c)
    return out
```

`aksharagalu("ಮೈಸೂರು")` ಮೂರು ತುಂಡುಗಳನ್ನು ಕೊಡುತ್ತದೆ. `aksharagalu("ಕನ್ನಡ")` ಕೂಡ ಕ, ನ್ನ, ಡ ಎಂದು ಮೂರನ್ನು ಕೊಡುತ್ತದೆ. ಒಡೆದ ತುಂಡುಗಳನ್ನು `jodisu` ಫಂಕ್ಷನ್ನಿಗೆ ಕೊಟ್ಟರೆ ಎರಡೂ ಪದಗಳಿಗೆ ಆರಾರು ಸಾಲು. `jodisu` ಫಂಕ್ಷನ್ನಿನಲ್ಲಿ ಒಂದು ಸಾಲನ್ನೂ ಬದಲಿಸಬೇಕಿಲ್ಲ. ಅದು ತುಂಡುಗಳನ್ನು ಸರಿಸುತ್ತದೆಯೇ ಹೊರತು ತುಂಡಿನೊಳಗೆ ಏನಿದೆ ಎಂದು ನೋಡುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು

ಪ್ರೋಗ್ರಾಮ್ ಎಷ್ಟೇ ಸರಿಯಾಗಿದ್ದರೂ ಒಂದು ಮಿತಿಯನ್ನು ಅದು ದಾಟಲಾರದು. ಒಂದು ಸೆಕೆಂಡಿಗೆ ಹತ್ತು ಲಕ್ಷ ಜೋಡಣೆಗಳನ್ನು ತಯಾರಿಸುವ ಯಂತ್ರ ಇದೆ ಎಂದಿಟ್ಟುಕೊಳ್ಳಿ. ಶಂಭುವಿನ ಹತ್ತು ಆಯುಧಗಳಿಗೆ ನಾಲ್ಕು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಹದಿಮೂರು ಅಕ್ಷರಗಳಿಗೆ ಸುಮಾರು ಒಂದೂಮುಕ್ಕಾಲು ಗಂಟೆ. ಹದಿನೈದಕ್ಕೆ ಹದಿನೈದು ದಿನ. ಇಪ್ಪತ್ತಕ್ಕೆ ಸುಮಾರು 77 ಸಾವಿರ ವರ್ಷ. ಯಂತ್ರವನ್ನು ಹತ್ತು ಪಟ್ಟು ವೇಗಗೊಳಿಸಿದರೂ ಒಂದು ಅಕ್ಷರದಷ್ಟು ಮುಂದೆ ಹೋಗಬಹುದು, ಅಷ್ಟೆ.

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ಎಲ್ಲ ಜೋಡಣೆಗಳೂ ನಿಜವಾಗಿ ಬೇಕೇ ಎಂದು. ಪದಕ್ರೀಡೆಯಲ್ಲಿ ನಿಘಂಟಿನ ಪದ ಸಿಕ್ಕರೆ ಸಾಕು ಎಂದಾದರೆ ಬೇಡ. ಕೊಟ್ಟ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ, ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಹಾಗೆಯೇ ಜೋಡಿಸಿ, ಎರಡೂ ಹೊಂದುವ ಪದಗಳನ್ನು ಆರಿಸಿದರೆ ಮುಗಿಯಿತು. 'ಗಮನ', 'ಮಗನ' ಎರಡೂ ಅಕಾರಾದಿಯಲ್ಲಿ ಗ, ನ, ಮ ಎಂದೇ ಆಗುತ್ತವೆ. ಒಂದೂ ಕರೆಮರ ಬೇಕಾಗುವುದಿಲ್ಲ.

ಮರ ಬೇಕೇ ಬೇಕು ಎನ್ನುವಲ್ಲಿ, ಅಂದರೆ ನಿಯಮಕ್ಕೆ ಹೊಂದುವ ಜೋಡಣೆಗಳನ್ನು ಹುಡುಕುವಲ್ಲಿ, ಬ್ಯಾಕ್‌ಟ್ರ್ಯಾಕಿಂಗ್ ತನ್ನ ನಿಜವಾದ ಬಲವನ್ನು ತೋರಿಸುತ್ತದೆ. ಕನ್ನಡದ ಪದಗಳು ಳ ಅಕ್ಷರದಿಂದ ಶುರುವಾಗುವುದಿಲ್ಲ. ಹತ್ತು ಬೇರೆ ಬೇರೆ ಅಕ್ಷರಗಳಲ್ಲಿ ಒಂದು ಳ ಆಗಿದ್ದರೆ, ಅದನ್ನು ಮೊದಲ ಜಾಗಕ್ಕೆ ತರುವ ಕೊಂಬೆಯನ್ನು ಬುಡದಲ್ಲೇ ಕತ್ತರಿಸಬಹುದು. `seen` ಪರೀಕ್ಷೆಯ ಪಕ್ಕದಲ್ಲಿ ಒಂದು `if` ಸಾಲು ಸೇರಿಸಿದರಾಯಿತು. ಆ ಒಂದು ಸಾಲಿನಿಂದ 3,62,880 ಜೋಡಣೆಗಳು ಹುಟ್ಟುವ ಮೊದಲೇ ತಪ್ಪಿದವು. ಎಲ್ಲವನ್ನೂ ತಯಾರಿಸಿ ಆಮೇಲೆ ಸೋಸುವವರಿಗೆ ಈ ಲಾಭ ಸಿಗುವುದಿಲ್ಲ. ನಿಯಮ ಎಷ್ಟು ಬೇಗ, ಬುಡಕ್ಕೆ ಎಷ್ಟು ಹತ್ತಿರ ಮುರಿಯುತ್ತದೆಯೋ ಅಷ್ಟು ದೊಡ್ಡ ಕೊಂಬೆ ಉರುಳುತ್ತದೆ. ಸುಡೊಕು ಬಿಡಿಸುವ, ಚದುರಂಗದ ಮಣೆಯಲ್ಲಿ ಎಂಟು ರಾಣಿಯರನ್ನು ಒಬ್ಬರಿಗೊಬ್ಬರು ಅಡ್ಡವಾಗದಂತೆ ಇಡುವ ಪ್ರೋಗ್ರಾಮ್‌ಗಳನ್ನು ಹೀಗೆಯೇ ಬರೆಯುತ್ತಾರೆ: ಒಂದು ಜಾಗ ತುಂಬಿಸು, ನಿಯಮ ಮುರಿಯಿತೇ ನೋಡು, ಮುರಿಯದಿದ್ದರೆ ಮುಂದಿನ ಜಾಗಕ್ಕೆ ಕರೆ, ಮರಳಿದ ಮೇಲೆ ಅಳಿಸು.

ಕೊಂಬೆ ಕತ್ತರಿಸುವ ಈ ಪರೀಕ್ಷೆ ನೋಡುವುದು ಸಾಲಿನ ಆ ಕ್ಷಣದ ಸ್ಥಿತಿಯನ್ನು. ಹಿಂದಿನ ಕರೆ ಸಾಲನ್ನು ಸರಿಯಾಗಿ ಹಿಂದಿರುಗಿಸಿರದಿದ್ದರೆ ಪರೀಕ್ಷೆಯ ಮುಂದಿರುವುದೇ ತಪ್ಪು ಅಕ್ಷರ. ಆಗ ಉಳಿಯಬೇಕಾದ ಕೊಂಬೆ ಉರುಳುತ್ತದೆ, ಉರುಳಬೇಕಾದದ್ದು ಉಳಿಯುತ್ತದೆ. ಕತ್ತರಿಸುವುದಕ್ಕೆ ಶುರುವಾದ ಮೇಲೆ ಎಷ್ಟು ಸಾಲು ಬರಬೇಕೆಂಬ ಲೆಕ್ಕ ಮೊದಲೇ ಗೊತ್ತಿರುವುದಿಲ್ಲ, ಎಣಿಸಿ ಹೋಲಿಸುವ ದಾರಿಯೂ ಮುಚ್ಚುತ್ತದೆ. ಅದಕ್ಕೇ ಯಾವುದೇ ನಿಯಮ ಸೇರಿಸುವ ಮೊದಲು ಬರಿಯ ಪ್ರೋಗ್ರಾಮನ್ನು ಮೂರು ಅಕ್ಷರಕ್ಕೆ ಓಡಿಸಿ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಆರು ಸಾಲುಗಳೂ ಬೇರೆ ಬೇರೆಯಾಗಿವೆ, ಮತ್ತು ಕೊನೆಯಲ್ಲಿ ಸಾಲು ಹೊರಟಾಗ ಇದ್ದಂತೆಯೇ ಇದೆ.